ಹಿಂದೆ ಬೀಳುವ ಪಾದಗಳು: ಎಂಟು ಕಾಲಿನ ಜೇಡದ ನಡಿಗೆ ಸರಿಪಡಿಸಿದ ಒಂದು ಪ್ರಕರಣ

ಇದು ಒಂದು ಚಿಕ್ಕ ಗೇಮ್ ತಂಡದಲ್ಲಿ ನಡೆದದ್ದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತಂಡದ ಹೆಸರು, ಗೇಮ್‌ನ ಕಥೆ, ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಳತೆಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ.

ಹಿನ್ನೆಲೆ

ಗೇಮ್ ನಡೆಯುವುದು ಗುಹೆಯೊಳಗೆ. ಅಲ್ಲಿ ಆಟಗಾರನನ್ನು ಅಟ್ಟಿಸಿಕೊಂಡು ಬರುವ ಒಂದು ದೊಡ್ಡ ಜೇಡ ಇದೆ. ಕಾಲು ಚಾಚಿ ನಿಂತರೆ ಸುಮಾರು 3 ಮೀಟರ್ ಅಗಲ. ಕೆಳಗಿನ ನೆಲ ಎಲ್ಲೂ ಸಮತಟ್ಟಾಗಿಲ್ಲ. ಬಂಡೆ, ಬಿರುಕು, ಮುರಿದು ಬಿದ್ದ ಕಂಬ, ಅಲ್ಲಲ್ಲಿ ಮೆಟ್ಟಿಲು. ಜೇಡ ಗೋಡೆಯನ್ನೂ ಹತ್ತಬೇಕು. ಸುಮ್ನೆ ಅಡ್ಡಾಡುವಾಗ ಅದರ ವೇಗ ಸೆಕೆಂಡಿಗೆ 1 ಮೀಟರ್. ಬೆನ್ನಟ್ಟುವಾಗ 3 ಮೀಟರ್, ಆಟದ ಕೊನೆಯ ಭಾಗದಲ್ಲಿ 4.5 ಮೀಟರ್.

ಮೊದಲು ಅನಿಮೇಟರ್ ಕೈಯಾರೆ ಮಾಡಿದ ನಡಿಗೆಯ ಸೈಕಲ್ ಬಳಸುತ್ತಿದ್ದರು. ಸಪಾಟು ನೆಲದ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಬಂಡೆ ಬಂದ ಕೂಡಲೇ ಎರಡು ಕಾಲು ಕಲ್ಲಿನೊಳಗೆ, ಮೂರು ಕಾಲು ಗಾಳಿಯಲ್ಲಿ. ವೇಗ ಬದಲಾದರೆ ಪಾದ ಜಾರುತ್ತಿತ್ತು. ಎರಡು ಕಾಲಿನ ಪಾತ್ರಕ್ಕೆ ಇಂಥ ತೊಂದರೆಯನ್ನು ಅಲ್ಲಲ್ಲಿ ತಿದ್ದಿ ಮುಚ್ಚಬಹುದು. ಎಂಟು ಕಾಲಿದ್ದಾಗ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಸೈಕಲ್ ಬಿಟ್ಟು, ಪ್ರತಿ ಕಾಲಿನ ಹೆಜ್ಜೆಯನ್ನೂ ಗೇಮ್ ಓಡುತ್ತಿರುವಾಗಲೇ ಲೆಕ್ಕ ಹಾಕಲು ನಿರ್ಧರಿಸಿದರು. ಎಂಜಿನ್ ಯೂನಿಟಿ.

ಅವರ ಮೊದಲ ವಿಧಾನ ಬಹಳ ಜನ ಶುರು ಮಾಡುವ ವಿಧಾನವೇ. ದೇಹಕ್ಕೆ ಅಂಟಿಕೊಂಡ ಹಾಗೆ ಪ್ರತಿ ಕಾಲಿಗೂ ಒಂದು ಹೋಮ್ ಪಾಯಿಂಟ್ ಇರುತ್ತದೆ. ಕಾಲು ಆರಾಮಾಗಿ ನಿಂತಾಗ ಪಾದ ಇರಬೇಕಾದ ಜಾಗ ಅದು. ಅದರ ಮೇಲಿಂದ ಕೆಳಕ್ಕೆ ಒಂದು ರೇಕಾಸ್ಟ್, ಅಂದರೆ ಯಾವುದಕ್ಕೆ ತಾಗುತ್ತದೆ ಎಂದು ನೋಡುವ ಕಾಣದ ಗೆರೆ, ಬಿಡುತ್ತಾರೆ. ರೇ ತಾಗಿದ ಜಾಗವೇ ಟಾರ್ಗೆಟ್. ಪಾದ ಮಾತ್ರ ಪ್ರಪಂಚದಲ್ಲಿ ಊರಿದಲ್ಲೇ ಇರುತ್ತದೆ, ದೇಹ ಮುಂದೆ ಹೋಗುತ್ತದೆ. ಪಾದಕ್ಕೂ ಟಾರ್ಗೆಟ್‌ಗೂ ನಡುವಿನ ದೂರ ಒಂದು ಮಿತಿ ದಾಟಿದರೆ ಪಾದ ಎದ್ದು ಟಾರ್ಗೆಟ್‌ಗೆ ಹೋಗುತ್ತದೆ. ಮಿತಿ 0.35 ಮೀಟರ್, ಒಂದು ಹೆಜ್ಜೆಗೆ ಹಿಡಿಯುವ ಸಮಯ 0.2 ಸೆಕೆಂಡ್. ತೊಡೆಯಿಂದ ಪಾದದವರೆಗಿನ ಬೋನ್‌ಗಳನ್ನು ಐಕೆ ನೋಡಿಕೊಳ್ಳುತ್ತದೆ, ಅಂದರೆ ಪಾದದ ಜಾಗ ಕೊಟ್ಟರೆ ಕೀಲುಗಳು ಹೇಗೆ ಬಾಗಬೇಕು ಎಂದು ಲೆಕ್ಕ ಹಾಕುವ ಇನ್ವರ್ಸ್ ಕೈನೆಮ್ಯಾಟಿಕ್ಸ್.

ಸಮಸ್ಯೆ

ಪರೀಕ್ಷೆಗೆಂದು ಮಾಡಿದ ಸಪಾಟು ನೆಲದಲ್ಲಿ, ನಿಧಾನ ನಡಿಗೆಯಲ್ಲಿ, ಇದು ಸೊಗಸಾಗಿ ಕೆಲಸ ಮಾಡಿತು. ಗುಹೆಗೆ ತಂದು ಬೆನ್ನಟ್ಟುವ ವೇಗ ಕೊಟ್ಟ ಮೇಲೆ ಕೆಟ್ಟಿತು. ಎಂಟೂ ಪಾದ ದೇಹದ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಮುಂಗಾಲು ಹೊಟ್ಟೆಯ ಕೆಳಗೆ, ಹಿಂಗಾಲು ಪೂರ್ತಿ ಚಾಚಿಕೊಂಡು. ಅನಿಮೇಟರ್ ನನಗೆ ಹೇಳಿದ ಮಾತು ಸರಿಯಾಗಿಯೇ ಇತ್ತು: "ಜೇಡ ಓಡ್ತಾ ಇಲ್ಲ ಸರ್, ಯಾರೋ ಬೆನ್ನು ಹಿಡಿದು ಎಳ್ಕೊಂಡು ಹೋಗ್ತಾ ಇದಾರೆ."

ಇನ್ನೂ ಮೂರು ದೂರು ಇದ್ದವು. ನಿಂತಲ್ಲಿಂದ ಹೊರಟಾಗ ಎಂಟೂ ಕಾಲು ಒಂದೇ ಸಲ ಎದ್ದು ಜೇಡ ಕುಪ್ಪಳಿಸಿದ ಹಾಗೆ ಕಾಣುತ್ತಿತ್ತು. ಕಂಬದ ಅಂಚಿಗೆ ಬಂದಾಗ ಒಂದು ಕಾಲು ಕೆಳಗಿನ ನೆಲದವರೆಗೂ ರಬ್ಬರಿನಂತೆ ಉದ್ದವಾಗುತ್ತಿತ್ತು. ಮತ್ತೆ ಬಂಡೆಯ ಮೇಲೆ ಸುಮ್ಮನೆ ನಿಂತಾಗಲೂ ದೇಹ ಸಣ್ಣಗೆ ನಡುಗುತ್ತಲೇ ಇರುತ್ತಿತ್ತು. ನನ್ನನ್ನು ಕರೆದದ್ದು ಈ ಹಂತದಲ್ಲಿ.

ಮೊದಲು ಮಾಡಿ ನೋಡಿದ್ದು

ಹಿಂದೆ ಬೀಳುವ ಪಾದಕ್ಕೆ ತಂಡ ಮಿತಿಯನ್ನು ಬದಲಿಸಿ ನೋಡಿತ್ತು. ಮಿತಿಯನ್ನು 0.7ಕ್ಕೆ ಏರಿಸಿದರೆ ಪಾದ ಇನ್ನೂ ಹಿಂದೆ ಬಿತ್ತು. ಹೆಜ್ಜೆಯ ಸಮಯವನ್ನು 0.08 ಸೆಕೆಂಡಿಗೆ ಇಳಿಸಿದರೆ ಕಾಲುಗಳು ಹಿಂದೆ ಬೀಳುವುದು ಕಡಿಮೆಯಾಯಿತು, ಆದರೆ ಓಟದ ಬದಲು ನಡುಕ ಕಂಡಿತು. ಈ ಎರಡು ಸಂಖ್ಯೆಗಳ ನಡುವೆ ಎಲ್ಲೋ ಸರಿಯಾದ ಜೋಡಿ ಇದೆ ಎಂಬ ನಂಬಿಕೆಯಲ್ಲಿ ಹುಡುಕಾಟ ನಡೆದಿತ್ತು.

ನಾವು ಕೂತು ಮಾಡಿದ ಮೊದಲ ಕೆಲಸ ಇಷ್ಟೇ. `OnDrawGizmos` ಒಳಗೆ ಮೂರು ಬಣ್ಣದ ಗುಂಡು ಹಾಕಿಸಿದೆವು: ಪಾದ ಈಗ ಇರುವ ಜಾಗ, ಅದು ಹೋಗುತ್ತಿರುವ ಟಾರ್ಗೆಟ್, ಮತ್ತು ಈ ಕ್ಷಣದ ಹೋಮ್ ಪಾಯಿಂಟ್. ಆಮೇಲೆ `Time.timeScale` ಅನ್ನು 0.1 ಮಾಡಿ ನೋಡಿದೆವು. ಪಾದ ಎದ್ದಾಗ ಟಾರ್ಗೆಟ್ ಮತ್ತು ಹೋಮ್ ಒಂದೇ ಕಡೆ ಇದ್ದವು. ಪಾದ ಊರುವ ಹೊತ್ತಿಗೆ ಹೋಮ್ ಅರ್ಧ ಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿತ್ತು.

ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ವೇಗ 3, ಹೆಜ್ಜೆಯ ಸಮಯ 0.2. ಪಾದ ಗಾಳಿಯಲ್ಲಿರುವಾಗ ದೇಹ 0.6 ಮೀಟರ್ ಮುಂದೆ ಹೋಗುತ್ತದೆ. ಅಂದರೆ ಪಾದ ಊರುವಾಗಲೇ ಹೋಮ್‌ಗಿಂತ 0.6 ಹಿಂದಿದೆ. ಮಿತಿ 0.35. ಊರಿದ ಕ್ಷಣದಲ್ಲೇ ಮಿತಿ ದಾಟಿ ಆಗಿದೆ, ಕೂಡಲೇ ಮತ್ತೆ ಏಳಬೇಕು. ಮಿತಿಯನ್ನು 0.7 ಮಾಡಿದಾಗ ಪಾದ 0.6 ಹಿಂದೆ ಊರಿ, 0.7 ಆಗುವವರೆಗೆ ಮಾತ್ರ ನೆಲದ ಮೇಲೆ ಇರುತ್ತದೆ. ಆ 0.1 ಮೀಟರ್ ದಾಟಲು 0.033 ಸೆಕೆಂಡ್, ಸೆಕೆಂಡಿಗೆ 60 ಫ್ರೇಮ್ ಎಂದರೆ ಎರಡು ಫ್ರೇಮ್. ಸಮಯವನ್ನು 0.08 ಮಾಡಿದಾಗಲೂ ನೆಲದ ಮೇಲೆ ಇರುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಪಾದ ನೆಲ ಹಿಡಿಯುವುದೇ ಇಲ್ಲ, ಹಾಗಾಗಿ ತೂಕ ಕಾಣುವುದಿಲ್ಲ. ಎರಡು ಸಂಖ್ಯೆಗಳ ಯಾವ ಜೋಡಿಯಿಂದಲೂ ಇದು ಸರಿಯಾಗುತ್ತಿರಲಿಲ್ಲ, ಏಕೆಂದರೆ ಟಾರ್ಗೆಟ್ ಆರಿಸುವ ಕ್ಷಣವೇ ತಪ್ಪಾಗಿತ್ತು.

ತಿರುವು: ಊರುವ ಕ್ಷಣಕ್ಕೆ ಯೋಜನೆ

ಪಾದ ಊರುವ ಹೊತ್ತಿಗೆ ಹೋಮ್ ಎಲ್ಲಿರುತ್ತದೋ ಅಲ್ಲಿಗೆ ಟಾರ್ಗೆಟ್ ಇಡಬೇಕು. ಅಷ್ಟೂ ಸಾಲದು. ಪಾದ ಹೋಮ್ ಮೇಲೆ ಸರಿಯಾಗಿ ಊರಿದರೆ ಅಲ್ಲಿಂದ ಅದು ಹಿಂದಕ್ಕೇ ಸರಿಯುತ್ತದೆ. ಹೋಮ್‌ಗಿಂತ ಮುಂದೆ ಊರಿದರೆ ಮಾತ್ರ ಮುಂದಿನ ಅರ್ಧ, ಹಿಂದಿನ ಅರ್ಧ ಎರಡೂ ಸಿಗುತ್ತವೆ. ಮಿತಿಯನ್ನು r ಎಂದುಕೊಳ್ಳಿ. ಪಾದ r ಮುಂದೆ ಊರಿ, r ಹಿಂದೆ ಹೋದಾಗ ಏಳಬೇಕು. ಆಗ ನೆಲದ ಮೇಲಿನ ದೂರ 2r. ನಮ್ಮ ಅಳತೆಯಲ್ಲಿ 0.7 ಮೀಟರ್, ಸಮಯ 0.23 ಸೆಕೆಂಡ್. ಎರಡು ಫ್ರೇಮ್‌ನಿಂದ ಹದಿನಾಲ್ಕು ಫ್ರೇಮ್‌ಗೆ ಬಂತು.

ತಿರುಗುವುದನ್ನೂ ಇದರಲ್ಲೇ ಸೇರಿಸಿದೆವು. ವೇಗವನ್ನಷ್ಟೇ ನೋಡಿ ಮುಂದೂಡಿದರೆ ಜೇಡ ನಿಂತಲ್ಲೇ ತಿರುಗುವಾಗ ಯೋಜನೆ ಏನೂ ಇರುವುದಿಲ್ಲ. ಹೆಜ್ಜೆಯ ಸಮಯವನ್ನು T ಎಂದುಕೊಳ್ಳಿ. ದೇಹದ ಜಾಗ ಮತ್ತು ದಿಕ್ಕು ಎರಡನ್ನೂ T ಸೆಕೆಂಡ್ ಮುಂದಕ್ಕೆ ಲೆಕ್ಕ ಹಾಕಿ, ಆ ದೇಹದ ಮೇಲೆ ಹೋಮ್ ಎಲ್ಲಿ ಬೀಳುತ್ತದೆ ಎಂದು ನೋಡುತ್ತೇವೆ.

```csharp
Vector3 homeNow = root.position + root.rotation * leg.homeLocal;
Vector3 pos = root.position + velocity * T;
Quaternion rot = Quaternion.AngleAxis(yawRate * T, root.up)
                 * root.rotation;
Vector3 homeThen = pos + rot * leg.homeLocal;
Vector3 drift = homeThen - homeNow;
Vector3 desired = homeThen + Vector3.ClampMagnitude(drift, r);
```

ಇಲ್ಲಿ `yawRate` ಸೆಕೆಂಡಿಗೆ ಎಷ್ಟು ಡಿಗ್ರಿ ಎಂಬ ಲೆಕ್ಕ. ಕೊನೆಯ ಸಾಲನ್ನು ಗಮನಿಸಿ. ಮುಂದೆ ಊರುವ ದೂರ ಆ ಕಾಲಿನ ಸ್ವಂತ ಚಲನೆಯಿಂದ ಬರುತ್ತದೆ, ದೇಹದ ವೇಗದಿಂದಲ್ಲ. ನಿಂತಲ್ಲೇ ತಿರುಗುವಾಗ ಎಡಗಾಲುಗಳು ಒಂದು ಕಡೆ, ಬಲಗಾಲುಗಳು ಇನ್ನೊಂದು ಕಡೆ ಮುಂದಾಗುತ್ತವೆ. ಜೇಡ ನಿಂತರೆ `drift` ಸೊನ್ನೆಯಾಗುತ್ತದೆ, ಪಾದ ನೇರ ಹೋಮ್ ಮೇಲೆ ಊರುತ್ತದೆ.

ಇದರಿಂದ ಇನ್ನೊಂದು ಮಿತಿಯೂ ಕಂಡಿತು. ಕಾಲುಗಳು ಎರಡು ಗುಂಪಾಗಿ ಸರದಿಯಲ್ಲಿ ಏಳಬೇಕಾದರೆ, ಒಂದು ಗುಂಪು ಗಾಳಿಯಲ್ಲಿರುವ ಸಮಯ ಇನ್ನೊಂದು ನೆಲದ ಮೇಲಿರುವ ಸಮಯಕ್ಕಿಂತ ಹೆಚ್ಚಾಗಬಾರದು. ಅಂದರೆ ವೇಗ v ಆದಾಗ T ಯಾವಾಗಲೂ 2r/v ಗಿಂತ ಕಡಿಮೆ ಇರಬೇಕು. ವೇಗ 4.5 ಆದಾಗ 2r/v ಎಂದರೆ 0.156 ಸೆಕೆಂಡ್. ಹೆಜ್ಜೆಯ ಸಮಯ 0.2 ಎಂದು ಹಿಡಿದಿಟ್ಟರೆ ನಡಿಗೆ ಮುರಿಯಲೇಬೇಕು. ನಾವು T ಯನ್ನು 0.8 × 2r/v ಎಂದು ಇಟ್ಟೆವು, 0.12 ರಿಂದ 0.25 ರ ಒಳಗೆ ಕಟ್ಟಿಹಾಕಿದೆವು. ಉಳಿದ 20 ಪ್ರತಿಶತ ಕಾಲು ತನ್ನ ಸರದಿಗೆ ಕಾಯಲು ಬೇಕಾಗುತ್ತದೆ. ಜೊತೆಗೆ ವೇಗ ಏರಿದಂತೆ r ಅನ್ನೂ 0.35 ರಿಂದ 0.45 ಕ್ಕೆ ಹಿಗ್ಗಿಸಿದೆವು. 4.5 ರ ವೇಗದಲ್ಲಿ ಹೆಜ್ಜೆಯ ಸಮಯ 0.16 ಆಯಿತು, ಕಣ್ಣಿಗೆ ಓಟದಂತೆಯೇ ಕಂಡಿತು. r ಅನ್ನು ಇನ್ನೂ ಏರಿಸಬಹುದಿತ್ತು, ಆದರೆ ಕಾಲಿನ ಉದ್ದ ಅಷ್ಟಕ್ಕೆ ಬಿಡುತ್ತಿರಲಿಲ್ಲ.

ಯಾವ ಕಾಲು ಏಳಬಹುದು?

ಕುಪ್ಪಳಿಸುವ ದೂರಿಗೆ ತಂಡದ ಪ್ರೋಗ್ರಾಮರ್ ಆಗಲೇ ಒಂದು ಪರಿಹಾರ ಹಾಕಿದ್ದ. ಜೇಡಗಳು ಸಾಮಾನ್ಯವಾಗಿ ಓಡುವುದು ನಾಲ್ಕು ನಾಲ್ಕು ಕಾಲಿನ ಎರಡು ಗುಂಪಿನಲ್ಲಿ. ಎಡ 1, ಬಲ 2, ಎಡ 3, ಬಲ 4 ಒಂದು ಗುಂಪು, ಉಳಿದ ನಾಲ್ಕು ಇನ್ನೊಂದು. ಒಂದು ಗುಂಪು ಪೂರ್ತಿ ಊರಿದ ಮೇಲಷ್ಟೇ ಇನ್ನೊಂದು ಏಳಬೇಕು ಎಂದು ಕೋಡ್ ಬರೆದಿದ್ದ. ನೇರ ಓಟದಲ್ಲಿ ಇದು ಸರಿ. ತಿರುವಿನಲ್ಲಿ ಸರಿ ಇಲ್ಲ. ಹೊರಗಿನ ಕಾಲು ದೂರ ಹೋಗಬೇಕು, ಅದು ಬೇಗ ಚಾಚಿಕೊಳ್ಳುತ್ತದೆ. ಆದರೆ ಅದರ ಗುಂಪಿನ ಸರದಿ ಬಂದಿಲ್ಲ. ಒಳಗಿನ ಕಾಲಿಗೆ ಏಳುವ ಅಗತ್ಯವೇ ಇಲ್ಲ, ಆದರೂ ಗುಂಪಿನ ಜೊತೆ ಏಳುತ್ತದೆ. ನಿಧಾನ ನಡಿಗೆಯಲ್ಲೂ ನಾಲ್ಕು ಕಾಲು ಒಟ್ಟಿಗೆ ಎದ್ದು ಸೈನಿಕರ ಕವಾಯತಿನಂತೆ ಕಾಣುತ್ತಿತ್ತು.

ಇಲ್ಲಿ ನಾವು ತೆಗೆದುಕೊಂಡ ನಿರ್ಧಾರವೇ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಗುಂಪುಗಳನ್ನು ಕಿತ್ತುಹಾಕಿದೆವು. ಬದಲಿಗೆ ನೆರೆಯ ಕಾಲನ್ನು ನೋಡುವ ಒಂದೇ ನಿಯಮ. ಒಂದು ಕಾಲು ಏಳಬೇಕಾದರೆ ಅದೇ ಬದಿಯಲ್ಲಿ ಅದರ ಮುಂದಿನ ಕಾಲು, ಹಿಂದಿನ ಕಾಲು, ಮತ್ತು ಎದುರು ಬದಿಯಲ್ಲಿ ಅದರ ಜೋಡಿ, ಈ ಮೂರೂ ನೆಲದ ಮೇಲಿರಬೇಕು. ಪ್ರತಿ ಫ್ರೇಮ್‌ನಲ್ಲೂ ಕಾಲುಗಳನ್ನು ಅಗತ್ಯದ ಪ್ರಕಾರ ಸಾಲಾಗಿ ನಿಲ್ಲಿಸುತ್ತೇವೆ. ಅಗತ್ಯ ಎಂದರೆ ಪಾದ ಹೋಮ್‌ನಿಂದ ಎಷ್ಟು ದೂರ ಇದೆ ಎಂಬುದನ್ನು r ನಿಂದ ಭಾಗಿಸಿದ್ದು. 1 ದಾಟಿದವರಲ್ಲಿ ಹೆಚ್ಚು ಅಗತ್ಯ ಇರುವ ಕಾಲಿಗೆ ಮೊದಲ ಅವಕಾಶ.

ಈ ನಿಯಮ ಸಣ್ಣದಾದರೂ ಅದರಿಂದ ಬರುವುದು ದೊಡ್ಡದು. ಎದುರು ಬದುರಿನ ಪ್ರತಿ ಜೋಡಿಯಲ್ಲೂ ಒಂದೇ ಕಾಲು ಗಾಳಿಯಲ್ಲಿರಬಹುದು. ಜೋಡಿ ನಾಲ್ಕು. ಹಾಗಾಗಿ ಒಮ್ಮೆಗೆ ಹೆಚ್ಚೆಂದರೆ ನಾಲ್ಕು ಕಾಲು ಏಳಬಹುದು. ಅಕ್ಕಪಕ್ಕದವು ಒಟ್ಟಿಗೆ ಏಳುವಂತಿಲ್ಲವಾದ್ದರಿಂದ ಆ ನಾಲ್ಕು ಇರಬಹುದಾದದ್ದು ಎರಡೇ ರೀತಿ, ಮೇಲೆ ಹೇಳಿದ ಅವೇ ಎರಡು ಗುಂಪು. ವೇಗವಾಗಿ ಓಡುವಾಗ ಜೇಡ ತಾನಾಗಿಯೇ ಆ ಸರದಿಗೆ ಬಂದು ನಿಲ್ಲುತ್ತದೆ. ನಿಧಾನವಾಗಿ ನಡೆಯುವಾಗ ಒಂದೊಂದೇ, ಎರಡೆರಡೇ ಕಾಲು ಏಳುತ್ತವೆ. ತಿರುವಿನಲ್ಲಿ ಹೊರಗಿನ ಕಾಲು ಹೆಚ್ಚು ಸಲ ಹೆಜ್ಜೆ ಹಾಕುತ್ತದೆ. ಇದ್ಯಾವುದನ್ನೂ ನಾವು ಬೇರೆಯಾಗಿ ಬರೆಯಲಿಲ್ಲ.

ಕಡ್ಡಿಹುಳುಗಳ ನಡಿಗೆಯನ್ನು ಬಹಳ ವರ್ಷ ಅಧ್ಯಯನ ಮಾಡಿದ ಜರ್ಮನಿಯ ಜೀವವಿಜ್ಞಾನಿ ಹೋಲ್ಕ್ ಕ್ರೂಸೆ ಕಂಡುಕೊಂಡದ್ದೂ ಇದೇ ದಾರಿಯದು. ಹುಳುವಿನ ಕಾಲುಗಳು ಪಕ್ಕದ ಕಾಲಿನ ಸ್ಥಿತಿಯನ್ನು ನೋಡಿ ತಾವು ಏಳಬೇಕೋ ತಡೆಯಬೇಕೋ ಎಂದು ಹೊಂದಿಕೊಳ್ಳುತ್ತವೆ. ಅವರ ಮೊದಲ ನಿಯಮ, ಒಂದು ಕಾಲು ಗಾಳಿಯಲ್ಲಿರುವಾಗ ಅದರ ಮುಂದಿನ ಕಾಲು ಏಳದಂತೆ ತಡೆಯುತ್ತದೆ ಎಂಬುದು. ನಮ್ಮ ನಿಯಮ ಅದಕ್ಕಿಂತ ಒರಟು, ಆದರೆ ಗೇಮ್‌ಗೆ ಸಾಕು.

ಒಂದು ವಿನಾಯಿತಿ ಬೇಕಾಯಿತು. ಕಾಲು ತನ್ನ ಪೂರ್ತಿ ಉದ್ದದ 95 ಪ್ರತಿಶತ ಚಾಚಿಕೊಂಡರೆ ಎದುರಿನ ಜೋಡಿ ಗಾಳಿಯಲ್ಲಿದ್ದರೂ ಏಳಬಹುದು. ಅದೇ ಬದಿಯ ಅಕ್ಕಪಕ್ಕದ ಕಾಲುಗಳು ಮಾತ್ರ ಊರಿರಲೇಬೇಕು. ಇದಿಲ್ಲದಿದ್ದರೆ ದಿಢೀರ್ ತಿರುವಿನಲ್ಲಿ ಐಕೆಗೆ ಕೈಗೆಟುಕದ ಟಾರ್ಗೆಟ್ ಸಿಕ್ಕಿ ಕಾಲು ಕೋಲಿನಂತೆ ನೇರವಾಗಿ ಬಿಡುತ್ತಿತ್ತು.

ಅಂಚಿನಲ್ಲಿ ರೇ

ಕಂಬದ ಅಂಚಿನ ದೂರಿಗೆ ಕಾರಣ ಸರಳ. ಹೋಮ್‌ನಿಂದ ಕೆಳಕ್ಕೆ ಬಿಟ್ಟ ರೇ ಕಂಬವನ್ನು ತಪ್ಪಿಸಿಕೊಂಡು ಕೆಳಗಿನ ನೆಲಕ್ಕೆ ತಾಗುತ್ತಿತ್ತು. ತಾಗಿತು ಎಂದರೆ ಟಾರ್ಗೆಟ್ ಸಿಕ್ಕಿತು ಎಂದು ಕೋಡ್ ನಂಬುತ್ತಿತ್ತು. ತಾಗಿದ ಜಾಗ ಕಾಲಿಗೆ ಎಟುಕುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಕಡೆ ಇದಕ್ಕಿಂತ ಮೋಸದ ತೊಂದರೆ ಇತ್ತು. ಬಂಡೆ ಚಾಚಿಕೊಂಡಿರುವ ಜಾಗದಲ್ಲಿ ರೇ ಶುರುವಾಗುವ ಬಿಂದುವೇ ಬಂಡೆಯೊಳಗೆ ಬೀಳುತ್ತಿತ್ತು. ವಸ್ತುವಿನ ತಾಗುವ ಆಕಾರಕ್ಕೆ ಕೊಲೈಡರ್ ಎನ್ನುತ್ತಾರೆ. ಯೂನಿಟಿಯ `Physics.Raycast` ತಾನು ಯಾವ ಕೊಲೈಡರ್‌ನ ಒಳಗಿಂದ ಶುರುವಾಗುತ್ತದೋ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ರೇ ಬಂಡೆಯನ್ನು ಹಾದು ಹೋಗಿ ಬೇರೆಲ್ಲೋ ತಾಗುತ್ತಿತ್ತು. ಲಾಗ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ತೆರೆಯ ಮೇಲೆ ಕಾಲು ಕಲ್ಲಿನೊಳಗೆ.

ಇದಕ್ಕೆ ರೇಗಳ ಸಂಖ್ಯೆಗಿಂತ ಅವುಗಳ ಕ್ರಮ ಮುಖ್ಯ ಎಂದು ನಿರ್ಧರಿಸಿದೆವು. ಕತ್ತಲಲ್ಲಿ ಮೆಟ್ಟಿಲಿಳಿಯುವವರು ಕಾಲಿನಿಂದ ತಡವಿ ನೋಡುವ ಹಾಗೆ, ಸೊಂಟದಿಂದ ಹೊರಟು ಹಂತ ಹಂತವಾಗಿ ಹುಡುಕುವುದು. ಮೊದಲ ರೇ ಕಾಲು ದೇಹಕ್ಕೆ ಸೇರುವ ಜಾಗದಿಂದ, ಬೇಕಾದ ಜಾಗದ ತುಸು ಮೇಲಿನ ಬಿಂದುವಿಗೆ. ನಡುವೆ ಏನಾದರೂ ತಾಗಿದರೆ ಅದು ಗೋಡೆ, ಅಲ್ಲೇ ಪಾದ ಇಡಬಹುದು. ಏನೂ ತಾಗದಿದ್ದರೆ ಆ ಬಿಂದು ಬಯಲಿನಲ್ಲಿದೆ ಎಂದು ಖಾತ್ರಿಯಾಯಿತು. ಎರಡನೆಯದನ್ನು ಆ ಬಿಂದುವಿನಿಂದಲೇ ಕೆಳಕ್ಕೆ ಬಿಡುತ್ತೇವೆ, ಹಾಗಾಗಿ ಅದು ಬಂಡೆಯೊಳಗಿಂದ ಶುರುವಾಗುವ ಪ್ರಶ್ನೆಯೇ ಇಲ್ಲ. ಇದರ ಉದ್ದ ಕಾಲಿಗೆ ಎಟುಕುವಷ್ಟೇ. ಅದೂ ತಾಗದಿದ್ದರೆ ಅದು ಅಂಚು. ಆಗ ಮೂರನೆಯದು ಎರಡನೆಯ ರೇ ಮುಗಿದ ಕಡೆಯಿಂದ ದೇಹದ ಕಡೆಗೆ, ಒಳಮುಖವಾಗಿ. ಕಂಬದ ಪಕ್ಕದ ಮುಖ ಇದಕ್ಕೆ ಸಿಗುತ್ತದೆ. ಜೇಡ ಕಂಬದಿಂದ ಗೋಡೆಗೆ ಇಳಿಯುವುದು ಈ ಮೂರನೆಯ ರೇಯಿಂದಲೇ. ಮೂರೂ ಸೋತರೆ ಬೇಕಾದ ಜಾಗವನ್ನು ಸೊಂಟದ ಕಡೆಗೆ ಎಳೆದುಕೊಂಡು ಇನ್ನೊಮ್ಮೆ ಹುಡುಕುತ್ತೇವೆ. ಆಗಲೂ ಸಿಗದಿದ್ದರೆ ಕಾಲನ್ನು ಮಡಚಿ ಗಾಳಿಯಲ್ಲೇ ಬಿಡುತ್ತೇವೆ. ಎಂಟು ಕಾಲಿರುವಾಗ ಒಂದು ಮಡಚಿಕೊಂಡಿದ್ದರೆ ನೋಡುವವರಿಗೆ ಸಹಜವೇ.

ಎರಡನೆಯ ರೇಯನ್ನು ಆಮೇಲೆ `Physics.SphereCast` ಮಾಡಿದೆವು, 5 ಸೆಂಟಿಮೀಟರ್ ತ್ರಿಜ್ಯದ್ದು. ಗುಹೆಯ ನೆಲದ ಸಣ್ಣ ಬಿರುಕುಗಳಿಗೆ ತೆಳು ರೇ ಇಳಿದುಬಿಡುತ್ತಿತ್ತು.

ರೇಗಳನ್ನು ಪ್ರತಿ ಫ್ರೇಮ್ ಬಿಡಬೇಕಾಗಿಯೂ ಇಲ್ಲ. ಊರಿದ ಪಾದಕ್ಕೆ ಟಾರ್ಗೆಟ್ ಬೇಡ. ಕಾಲು ಏಳುವಾಗ ಒಮ್ಮೆ, ಗಾಳಿಯಲ್ಲಿ ಅರ್ಧ ದಾರಿ ಆಗುವವರೆಗೆ ತಿದ್ದಲು ಕೆಲವು ಸಲ. ಅರ್ಧದ ನಂತರ ಟಾರ್ಗೆಟ್‌ಗೆ ಬೀಗ. ಮೊದಲು ಅಂಚಿನಲ್ಲಿ ಟಾರ್ಗೆಟ್ ಮೇಲೆ ಕೆಳಗೆ ಹಾರುತ್ತಾ ಪಾದ ಗಾಳಿಯಲ್ಲೇ ಒದ್ದಾಡುತ್ತಿತ್ತು, ಬೀಗ ಹಾಕಿದ ಮೇಲೆ ಅದು ನಿಂತಿತು. ಪಾದ ಎತ್ತುವ ದಿಕ್ಕನ್ನು ಮಾತ್ರ ಹಳೆಯ ಜಾಗದ ನಾರ್ಮಲ್‌ನಿಂದ, ಅಂದರೆ ಮೇಲ್ಮೈಗೆ ಲಂಬವಾದ ದಿಕ್ಕಿನಿಂದ, ಹೊಸ ಜಾಗದ ನಾರ್ಮಲ್‌ಗೆ ನಿಧಾನವಾಗಿ ತಿರುಗಿಸಬೇಕು. ಇಲ್ಲದಿದ್ದರೆ ಕಂಬದ ಮೂಲೆ ದಾಟುವಾಗ ಪಾದ ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ.

ನಿಂತಾಗಲೂ ನಡುಗುವ ದೇಹ

ಇದಕ್ಕೆ ತಂಡ ಎಲ್ಲ ಕಡೆ ಸ್ಮೂತಿಂಗ್ ಹಾಕಿತ್ತು. ನಡುಕ ನಿಧಾನವಾಯಿತೇ ಹೊರತು ಹೋಗಲಿಲ್ಲ. ಜೇಡವನ್ನು ಬಂಡೆಯ ಮೇಲೆ ನಿಲ್ಲಿಸಿ, ವೇಗ ಸೊನ್ನೆ ಮಾಡಿ, ಒಂದು ಕಾಲಿನ ಹೋಮ್‌ನ ಎತ್ತರವನ್ನು ಗ್ರಾಫ್‌ಗೆ ಹಾಕಿದೆವು. ಜೇಡ ಅಲುಗದೇ ಇರುವಾಗ ಆ ಗೆರೆ ಸಪಾಟಾಗಿರಬೇಕಿತ್ತು. ಅದು ಏರಿಳಿಯುತ್ತಿತ್ತು.

ಆಗ ಸುತ್ತು ಕಂಡಿತು. ದೇಹದ ಎತ್ತರ ಮತ್ತು ಓರೆ ಪಾದಗಳಿಂದ ಬರುತ್ತದೆ. ಹೋಮ್ ಪಾಯಿಂಟ್‌ಗಳು ದೇಹದ ಮಕ್ಕಳು, ಅವು ದೇಹದ ಜೊತೆ ಓರೆಯಾಗುತ್ತವೆ. ರೇ ಹೋಮ್‌ನಿಂದ ಹೊರಡುತ್ತದೆ, ಹಾಗಾಗಿ ಬೇರೆ ಕಡೆ ತಾಗುತ್ತದೆ. ಪಾದ ಅಲ್ಲಿಗೆ ಹೋಗುತ್ತದೆ, ದೇಹ ಮತ್ತೆ ಓರೆಯಾಗುತ್ತದೆ. ಸಪಾಟು ನೆಲದಲ್ಲಿ ಈ ಸುತ್ತು ತಾನೇ ಶಾಂತವಾಗುತ್ತದೆ, ಬಂಡೆಯ ಮೇಲೆ ಆಗುವುದಿಲ್ಲ. ಸ್ಮೂತಿಂಗ್ ಈ ಸುತ್ತಿಗೆ ತಡವನ್ನು ಸೇರಿಸುತ್ತದೆ ಅಷ್ಟೇ, ಸುತ್ತು ಹಾಗೇ ಇರುತ್ತದೆ.

ದೇಹವನ್ನು ಎರಡು ಮಾಡಿದೆವು. ಒಂದು ಕಣ್ಣಿಗೆ ಕಾಣದ ರೂಟ್. ಅದು ದಾರಿ ಹುಡುಕುವ ಕೋಡ್ ಹೇಳಿದಂತೆ ಹೋಗುತ್ತದೆ, ತನ್ನ ಕೆಳಗಿನ ಮೇಲ್ಮೈಯ ನಾರ್ಮಲ್‌ಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ, ಪಾದಗಳ ಮಾತು ಕೇಳುವುದಿಲ್ಲ. ಹೋಮ್, ರೇ, ಯೋಜನೆ ಎಲ್ಲ ಇದರ ಮೇಲೆ. ಇನ್ನೊಂದು ತೆರೆಯ ಮೇಲೆ ಕಾಣುವ ದೇಹ. ಅದು ರೂಟ್‌ನ ಮಗು. ಊರಿದ ಪಾದಗಳ ಸರಾಸರಿ ಎತ್ತರ ಮತ್ತು ಓರೆಯನ್ನು ನೋಡಿ ಅದು ಮೇಲೆ ಕೆಳಗೆ ಆಗುತ್ತದೆ, ವಾಲುತ್ತದೆ. ಅದರ ಮೇಲೆ ಯಾವ ಲೆಕ್ಕವೂ ನಿಂತಿಲ್ಲ. ಸುತ್ತು ಅಲ್ಲಿಗೆ ತುಂಡಾಯಿತು. ಅನಿಮೇಟರ್‌ಗೂ ಇದರಿಂದ ಬಿಡುಗಡೆ ಸಿಕ್ಕಿತು. ಹೊಟ್ಟೆಯ ತೂಕ, ಉಸಿರಾಟ, ಊರಿದಾಗಿನ ಸಣ್ಣ ಕುಸಿತ, ಏನು ಬೇಕಾದರೂ ಕಾಣುವ ದೇಹಕ್ಕೆ ಸೇರಿಸಬಹುದು, ಹೆಜ್ಜೆಗಳು ಕೆಡುವುದಿಲ್ಲ.

ಉಳಿದ ಒಂದು ಸಣ್ಣ ಜಾರಿಕೆ ಕ್ರಮದ ತಪ್ಪು. ಐಕೆ ಮೊದಲು ಓಡಿ, ಆಮೇಲೆ ದೇಹ ಸರಿಯುತ್ತಿತ್ತು. ಪಾದ ಒಂದು ಫ್ರೇಮ್ ಹಿಂದಿನ ದೇಹಕ್ಕೆ ಹೊಂದಿಕೊಂಡಿರುತ್ತಿತ್ತು. 3 ಮೀಟರ್ ವೇಗದಲ್ಲಿ, 60 ಫ್ರೇಮ್‌ನಲ್ಲಿ, ಅದು 5 ಸೆಂಟಿಮೀಟರ್. ಇಷ್ಟು ಜಾರಿದರೆ ಕಣ್ಣಿಗೆ ಕಾಣುತ್ತದೆ ಅಲ್ವಾ? ರೂಟ್, ಹೆಜ್ಜೆ, ಕಾಣುವ ದೇಹ, ಕೊನೆಗೆ `LateUpdate` ನಲ್ಲಿ ಐಕೆ, ಈ ಕ್ರಮಕ್ಕೆ ತಂದ ಮೇಲೆ ಪಾದ ನೆಲಕ್ಕೆ ಅಂಟಿತು.

ಏನಾಯಿತು, ಏನು ಉಳಿಯಿತು

ಜೇಡ ಗುಹೆಯಲ್ಲಿ ಮೂರೂ ವೇಗದಲ್ಲಿ ಓಡುತ್ತದೆ, ಕಂಬ ಹತ್ತಿ ಇಳಿಯುತ್ತದೆ. ಕೊನೆಗೆ ಕೋಡ್ ಮೊದಲಿನದಕ್ಕಿಂತ ಹೆಚ್ಚೇನೂ ಉದ್ದವಾಗಲಿಲ್ಲ. ಸ್ಮೂತಿಂಗ್‌ನ ಬಹುಪಾಲು ತೆಗೆದುಹಾಕಿದ್ದರಿಂದ ಹಲವು ಕಡೆ ಚಿಕ್ಕದೇ ಆಯಿತು.

ಇದೇ ಥರದ ಕೆಲಸ ಮಾಡುತ್ತಿರುವವರಿಗೆ ನಾನು ಹೇಳುವುದು ದೂರುಗಳನ್ನು ಬೇರೆ ಬೇರೆ ಮಾಡಿ ನೋಡಿ ಎಂದು. ಪಾದ ಹಿಂದೆ ಬಿದ್ದರೆ ಊರುವ ಕ್ಷಣದಲ್ಲಿ ಹೋಮ್ ಎಲ್ಲಿದೆ ನೋಡಿ. ತಿರುವಿನಲ್ಲಿ ಮಾತ್ರ ಕೆಟ್ಟರೆ ಏಳುವ ಅನುಮತಿಯ ನಿಯಮ ನೋಡಿ. ವೇಗ ಸೊನ್ನೆ ಇದ್ದಾಗಲೂ ಹೋಮ್ ಅಲುಗಿದರೆ ದೇಹಕ್ಕೂ ಪಾದಕ್ಕೂ ಸುತ್ತು ಇದೆ. ನಾಲ್ಕೂ ದೂರು ಒಟ್ಟಿಗೆ ಇದ್ದಾಗ ಒಂದೇ ಸಂಖ್ಯೆಯನ್ನು ತಿರುಗಿಸಿ ಎಲ್ಲವನ್ನೂ ಸರಿಮಾಡಲು ಹೋಗುವ ಆಸೆ ಬರುತ್ತದೆ, ಈ ತಂಡದ ಬಹಳಷ್ಟು ಹೊತ್ತು ಹೋದದ್ದು ಅಲ್ಲೇ.

ಬಗೆಹರಿಯದೆ ಉಳಿದದ್ದು ಚಲಿಸುವ ಲಿಫ್ಟ್. ಊರಿದ ಪಾದವನ್ನು ಪ್ರಪಂಚದ ಜಾಗವಾಗಿ ಇಟ್ಟುಕೊಂಡಿದ್ದರಿಂದ ಲಿಫ್ಟ್ ಮೇಲೆ ಹೋದಾಗ ಪಾದಗಳು ಕೆಳಗೇ ಉಳಿಯುತ್ತಿದ್ದವು. ತಾಗಿದ ಕೊಲೈಡರ್‌ನ `transform.InverseTransformPoint` ಬಳಸಿ, ಪಾದವನ್ನು ಲಿಫ್ಟ್‌ನ ಲೆಕ್ಕದಲ್ಲೇ ನೆನಪಿಟ್ಟುಕೊಂಡು, ಪ್ರತಿ ಫ್ರೇಮ್ ಪ್ರಪಂಚಕ್ಕೆ ತಿರುಗಿಸಿದರೆ ಅದು ಸರಿಯಾಗುತ್ತದೆ. ಅದನ್ನು ಮಾಡಿದೆವು. ಆದರೆ ನಾಲ್ಕು ಕಾಲು ಲಿಫ್ಟ್ ಮೇಲೆ, ನಾಲ್ಕು ಕಾಲು ನೆಲದ ಮೇಲೆ ಇದ್ದಾಗ ಲಿಫ್ಟ್ ಹೊರಟರೆ, ಹೋಮ್‌ನ ಮುಂದಿನ ಜಾಗವನ್ನು ಯಾವ ವೇಗದಿಂದ ಲೆಕ್ಕ ಹಾಕಬೇಕು ಎಂಬುದಕ್ಕೆ ನಮ್ಮ ಸೂತ್ರದಲ್ಲಿ ಉತ್ತರ ಇಲ್ಲ. ಸದ್ಯಕ್ಕೆ ಜೇಡ ಪೂರ್ತಿ ಹತ್ತುವವರೆಗೂ ಲಿಫ್ಟ್ ಹೊರಡದಂತೆ ಲೆವೆಲ್ ಡಿಸೈನರ್ ಬೀಗ ಹಾಕಿದ್ದಾರೆ.